ಬೂದಿದಿಬ್ಬದ ಪಟ್ಟಿ: ಟಿಪ್ಪಣಿ ಅದರದೇ ಪುಸ್ತಕದ ಕೆಳಗೆ ಉಳಿಯಬೇಕೆಂದರೆ

ಕಳೆದ ಬೇಸಿಗೆಯಲ್ಲಿ ಕೊಪ್ಪಳದ ಕಡೆಯ ಒಬ್ಬ ಹುಡುಗಿ ಲ್ಯಾಪ್‌ಟಾಪ್ ಹಿಡಿದುಕೊಂಡು ಬಳ್ಳಾರಿಯ ನಮ್ಮ ಮನೆಗೆ ಬಂದಳು. ಬಳ್ಳಾರಿ, ರಾಯಚೂರು ಸುತ್ತಲಿನ ಬೂದಿದಿಬ್ಬಗಳ ಮೇಲೆ, ಅಂದರೆ ನವಶಿಲಾಯುಗದ ಕಾಲದ ಬೂದಿಯ ಗುಡ್ಡೆಗಳ ಮೇಲೆ, ಪಿಎಚ್‌.ಡಿ ಮಾಡುತ್ತಿದ್ದಾಳೆ. ಅವಳ ಗೈಡ್ ಮೊದಲು ಟಿಪ್ಪಣಿ ಸಹಿತ ಗ್ರಂಥಸೂಚಿ ಕೊಡು ಅಂದಿದ್ದರು. ಅಂದರೆ ಪ್ರತಿ ಪುಸ್ತಕದ ವಿವರ, ಅದರ ಕೆಳಗೆ ಆ ಪುಸ್ತಕದಲ್ಲಿ ಏನಿದೆ, ತನ್ನ ಕೆಲಸಕ್ಕೆ ಎಷ್ಟು ಉಪಯೋಗ ಎಂದು ನಾಲ್ಕೈದು ಸಾಲು.

"ಅಕ್ಕಾ, ಎಲ್ಲಾ ಅದಲುಬದಲು ಆಗ್ಯಾವ್ರಿ. ನಾ ಬರೇ ಎ ಟು ಝಡ್ ಬಟನ್ ಒತ್ತಿದ್ದೆ" ಅಂದಳು.

ಫೈಲ್ ತೆರೆದು ನೋಡಿದೆ. ಮೇಲೆ ಇಪ್ಪತ್ತು ಸಾಲು ಬರೀ ಪುಸ್ತಕಗಳ ಹೆಸರು. ಆಮೇಲೆ ಒಂದರ ಹಿಂದೆ ಒಂದು ಟಿಪ್ಪಣಿಗಳು, ಎಲ್ಲವೂ "ಈ ಕೃತಿಯಲ್ಲಿ ಲೇಖಕರು" ಎಂದೇ ಶುರು. ಯಾವ ಲೇಖಕರು, ಯಾವ ಕೃತಿ, ಗೊತ್ತಾಗುವ ಹಾಗಿಲ್ಲ.

ಹೀಗೆ ಆಗುವುದಕ್ಕೆ ಕಾರಣ ಒಂದೇ. ವರ್ಡ್‌ನ ಸಾರ್ಟ್ ಬಟನ್‌ಗೆ ಪುಸ್ತಕ ಯಾವುದು, ಟಿಪ್ಪಣಿ ಯಾವುದು ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಪ್ಯಾರಾ ಮಾತ್ರ. ಎಂಟರ್ ಒತ್ತಿದಲ್ಲೆಲ್ಲಾ ಅದಕ್ಕೆ ಒಂದು ಪ್ಯಾರಾ ಮುಗಿಯಿತು. ಪುಸ್ತಕದ ವಿವರ ಒಂದು ಪ್ಯಾರಾ, ಟಿಪ್ಪಣಿ ಇನ್ನೊಂದು ಪ್ಯಾರಾ ಆದರೆ, ಎರಡನ್ನೂ ಬೇರೆ ಬೇರೆ ಎಂದು ತಿಳಿದು ಅವುಗಳ ಮೊದಲ ಅಕ್ಷರ ನೋಡಿ ಬೇರೆ ಬೇರೆ ಕಡೆ ಒಯ್ದು ಹಾಕುತ್ತದೆ. ಹಾಗಾಗಿ ಮಾಡಬೇಕಾದ ಕೆಲಸ ಇಷ್ಟು: ಜೋಡಿಯನ್ನು ಮೊದಲು ಒಂದೇ ಸಾಲಿಗೆ ಕಟ್ಟಿಹಾಕಬೇಕು, ಕಟ್ಟಿದ್ದು ಸರಿಯಿದೆಯಾ ಎಂದು ಓದಿ ನೋಡಬೇಕು, ಆಮೇಲೆ ಮಾತ್ರ ಅಕ್ಷರಕ್ರಮಕ್ಕೆ ಕೈ ಹಾಕಬೇಕು. ನಾವು ಅವತ್ತು ಮಾಡಿದ್ದನ್ನೇ ಹಂತ ಹಂತವಾಗಿ ಹೇಳುತ್ತೇನೆ.

ಮೊದಲು: ಕೆಡದ ಪ್ರತಿ ಹುಡುಕಿ

ಕೆಟ್ಟ ಫೈಲನ್ನು ರಿಪೇರಿ ಮಾಡಲು ಕೂರಬೇಡಿ. ಸಾರ್ಟ್ ಮಾಡುವ ಮುಂಚಿನ ಪ್ರತಿ ಎಲ್ಲಾದರೂ ಇರುತ್ತದೆ. ಗೈಡ್‌ಗೆ ಕಳಿಸಿದ ಮೇಲ್‌ನಲ್ಲಿ, ಪೆನ್‌ಡ್ರೈವ್‌ನಲ್ಲಿ, ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಲು ವಾಟ್ಸಾಪ್ ಮಾಡಿದ ಕಡೆ. ಇವಳದು ಮೇಲ್‌ನಲ್ಲಿ ಸಿಕ್ಕಿತು. ಕ್ರಮ ಸರಿ ಇರಲಿಲ್ಲ, ಆದರೆ ಪ್ರತಿ ಟಿಪ್ಪಣಿ ಅದರ ಪುಸ್ತಕದ ಕೆಳಗೇ ಇತ್ತು. ನಮಗೆ ಬೇಕಾದದ್ದು ಅದೇ. ಅದರದೊಂದು ನಕಲು ಮಾಡಿ, ನಕಲಿನ ಮೇಲೆ ಕೆಲಸ ಶುರು ಮಾಡಿದೆವು.

ಹಳೆಯ ಪ್ರತಿ ಸಿಗಲೇ ಇಲ್ಲ ಅಂದರೆ ಬೇರೆ ದಾರಿ ಇಲ್ಲ, ಓದಿ ಓದಿ ಜೋಡಿಸಬೇಕು. ಆಗ ಊರಿನ ಹೆಸರು ಇರುವ ಟಿಪ್ಪಣಿಗಳಿಂದ ಶುರು ಮಾಡಿ. ಸಂಗನಕಲ್ಲು, ಮಸ್ಕಿ, ಪಿಕ್ಲಿಹಾಳ ಎಂದು ಇದ್ದರೆ ಪುಸ್ತಕ ತಾನಾಗಿ ಗೊತ್ತಾಗುತ್ತದೆ. ಹೆಸರಿಲ್ಲದ ಟಿಪ್ಪಣಿಗಳು ಕೊನೆಗೆ ಉಳಿಯುತ್ತವೆ. ಅವಕ್ಕೆ ಪುಸ್ತಕವನ್ನೇ ಮತ್ತೆ ತೆರೆಯಬೇಕು, ಅಂದಾಜಿನ ಮೇಲೆ ಹಾಕಬಾರದು.

ಒಂದು ಪುಸ್ತಕಕ್ಕೆ ಎರಡೇ ಪ್ಯಾರಾ

ವರ್ಡ್‌ನ `Home` ಟ್ಯಾಬ್‌ನಲ್ಲಿ `¶` ಗುರುತಿನ ಬಟನ್ ಇದೆ. ಅದನ್ನು ಒತ್ತಿದರೆ ಎಲ್ಲೆಲ್ಲಿ ಎಂಟರ್ ಒತ್ತಿದ್ದೀರಿ ಎಂಬುದು ಕಣ್ಣಿಗೆ ಕಾಣುತ್ತದೆ. ನಮ್ಮ ಗುರಿ: ಪುಸ್ತಕದ ವಿವರದ ಕೊನೆಗೆ ಒಂದು ಗುರುತು, ಟಿಪ್ಪಣಿಯ ಕೊನೆಗೆ ಒಂದು ಗುರುತು. ಅಷ್ಟೇ.

ಮೊದಲು ಖಾಲಿ ಸಾಲುಗಳು ಹೋಗಬೇಕು. `Ctrl+H` ಒತ್ತಿ ಹೀಗೆ ಕೊಡಿ:

```
Find what:    ^p^p
Replace with: ^p
```

`Replace All` ಅನ್ನು ಒಂದೇ ಸಲ ಒತ್ತಿದರೆ ಸಾಲದು. ಎಲ್ಲೋ ಮೂರು ಖಾಲಿ ಸಾಲು ಇದ್ದರೆ ಒಂದು ಉಳಿದಿರುತ್ತದೆ. ಬದಲಾಯಿಸಲು ಇನ್ನೇನೂ ಇಲ್ಲ ಎನ್ನುವ ತನಕ ಒತ್ತುತ್ತಾ ಇರಿ.

ಆಮೇಲೆ ಎರಡು ಪ್ಯಾರಾ ಇರುವ ಟಿಪ್ಪಣಿಗಳನ್ನು ಹುಡುಕಿ. ಅಲ್ಲಿ ನಡುವಿನ `¶` ಅಳಿಸಿ `Shift+Enter` ಒತ್ತಿ. ನೋಡಲು ಹೊಸ ಸಾಲೇ ಶುರುವಾಗುತ್ತದೆ, ಆದರೆ ವರ್ಡ್‌ಗೆ ಅದು ಒಂದೇ ಪ್ಯಾರಾ. ಇನ್ನೂ ಟಿಪ್ಪಣಿ ಬರೆಯದ ಪುಸ್ತಕ ಇದ್ದರೆ ಅದರ ಕೆಳಗೆ "ಟಿಪ್ಪಣಿ ಬರೆಯಬೇಕು" ಎಂದು ಒಂದು ಸಾಲು ಹಾಕಿ. ಜಾಗ ಖಾಲಿ ಬಿಡಬೇಡಿ.

ಟೇಬಲ್‌ಗೆ ಹಾಕುವುದು, ಮತ್ತು ಅಲ್ಲಿ ಆದ ಎಡವಟ್ಟು

ಈಗ ಎಲ್ಲವನ್ನೂ ಆಯ್ಕೆ ಮಾಡಿ `Insert` → `Table` → `Convert Text to Table` ತೆರೆಯಿರಿ. ಕಾಲಂ ಸಂಖ್ಯೆ 2 ಕೊಡಿ. `Separate text at` ಎಂಬಲ್ಲಿ `Paragraphs` ಆಯ್ಕೆ ಮಾಡಿ. ಮೊದಲ ಪ್ಯಾರಾ ಎಡಕ್ಕೆ, ಎರಡನೆಯದು ಬಲಕ್ಕೆ, ಮೂರನೆಯದು ಮುಂದಿನ ಸಾಲಿನ ಎಡಕ್ಕೆ, ಹೀಗೆ ತುಂಬುತ್ತಾ ಹೋಗುತ್ತದೆ. ಎಡಗಡೆ ಪುಸ್ತಕ, ಬಲಗಡೆ ಟಿಪ್ಪಣಿ.

ಇವಳ ಪಟ್ಟಿಯಲ್ಲಿ 58 ಪುಸ್ತಕ. ಹಾಗಾದರೆ 116 ಪ್ಯಾರಾ ಇರಬೇಕು. ಅವಳು ಆಗಲೇ ಎಣಿಸಿದ್ದಳು, 116 ಸರಿಯಾಗಿ ಇತ್ತು. "ಲೆಕ್ಕ ಕರೆಕ್ಟ್ ಐತ್ರಿ ಅಕ್ಕಾ, ಹಿಂದಿನ ಹಂತ ಬ್ಯಾಡ" ಅಂದಳು. ಆಗಲಿ ಎಂದು ಖಾಲಿ ಸಾಲು ತೆಗೆದು ನೇರ ಟೇಬಲ್ ಮಾಡಿದೆವು. 58 ಸಾಲು ಬಂತು. ಮೊದಲ ಪುಟ ನೋಡಿದರೆ ಎಲ್ಲಾ ಸರಿ. ಕೊನೆಯ ಪುಟವೂ ಸರಿ.

ನಡುವೆ ಇಳಿದು ನೋಡಿದರೆ 21ನೇ ಸಾಲಿನಲ್ಲಿ ಎಡಕ್ಕೂ ಪುಸ್ತಕ, ಬಲಕ್ಕೂ ಪುಸ್ತಕ. 22ನೇ ಸಾಲಿನಲ್ಲಿ ಎಡಕ್ಕೆ ಟಿಪ್ಪಣಿ, ಬಲಕ್ಕೆ ಅದರ ಮುಂದಿನ ಪುಸ್ತಕ. ಹೀಗೇ ಸಾಗಿ 34ನೇ ಸಾಲಿನಲ್ಲಿ ಎರಡೂ ಕಡೆ ಟಿಪ್ಪಣಿ. 35ರಿಂದ ಮತ್ತೆ ಸರಿ.

ಆಗಿದ್ದು ಇಷ್ಟು. 21ನೇ ಪುಸ್ತಕಕ್ಕೆ ಟಿಪ್ಪಣಿ ಇರಲಿಲ್ಲ, ಒಂದು ಪ್ಯಾರಾ ಕಮ್ಮಿ. 34ನೇ ಪುಸ್ತಕದ ಟಿಪ್ಪಣಿ ಎರಡು ಪ್ಯಾರಾ ಇತ್ತು, ಒಂದು ಜಾಸ್ತಿ. ಕಮ್ಮಿ ಜಾಸ್ತಿ ಸೇರಿ ಲೆಕ್ಕ ಸರಿಹೋಯಿತು. ಆದರೆ ನಡುವಿನ 14 ಸಾಲು ಪೂರ್ತಿ ಕೆಟ್ಟಿತ್ತು. ಎಣಿಕೆ ತಪ್ಪಿದರೆ ಎಲ್ಲೋ ತೊಂದರೆ ಇದೆ ಎಂದು ಖಂಡಿತ ಗೊತ್ತಾಗುತ್ತದೆ. ಎಣಿಕೆ ಸರಿ ಬಂದರೆ ಮಾತ್ರ ಏನೂ ಗೊತ್ತಾಗುವುದಿಲ್ಲ.

ಇದನ್ನು ಕಂಡುಹಿಡಿಯುವುದು ಸುಲಭ. ಓದಬೇಕಾಗಿಲ್ಲ, ಆಕಾರ ನೋಡಿದರೆ ಸಾಕು. ಪುಸ್ತಕದ ವಿವರ ಚಿಕ್ಕದು, ಅದರಲ್ಲಿ ಇಸವಿ ಇರುತ್ತದೆ. ಟಿಪ್ಪಣಿ ಉದ್ದ. ಎಡ ಕಾಲಂನ ಮೇಲೆ ಕಣ್ಣಾಡಿಸುತ್ತಾ ಬನ್ನಿ. ಚಿಕ್ಕದಿರಬೇಕಾದಲ್ಲಿ ದೊಡ್ಡದು ಕಂಡ ಕೂಡಲೇ ನಿಲ್ಲಿ. ತಪ್ಪು ಅದೇ ಸಾಲಿನಲ್ಲಿ ಇಲ್ಲವೇ ಅದರ ಒಂದು ಸಾಲು ಮೇಲೆ ಇದೆ. `Ctrl+Z` ಒತ್ತಿ ಹಿಂದಕ್ಕೆ ಹೋಗಿ, ಆ ಒಂದು ಕಡೆ ಸರಿಮಾಡಿ, ಮತ್ತೆ ಟೇಬಲ್ ಮಾಡಿ. ಟೇಬಲ್‌ನೊಳಗೇ ಒಂದೊಂದು ಕೋಶ ಕತ್ತರಿಸಿ ಅಂಟಿಸುತ್ತಾ ಕೂತರೆ ಹೊಸ ತಪ್ಪು ಹುಟ್ಟುತ್ತದೆ.

ಓದಿ ನಂಬರ್ ಹಾಕಿ

ಈಗ ಪ್ರತಿ ಸಾಲನ್ನೂ ಓದಿ. ಪುಸ್ತಕ ಓದಿ, ಟಿಪ್ಪಣಿಯ ಮೊದಲ ಎರಡು ವಾಕ್ಯ ಓದಿ, ಜೋಡಿ ಸರಿ ಎನಿಸಿದರೆ ಎರಡು ಕೋಶಗಳ ಶುರುವಿನಲ್ಲೂ ಒಂದೇ ನಂಬರ್ ಟೈಪ್ ಮಾಡಿ: 001, 002, 003. ನಂಬರ್ ಆದಮೇಲೆ ಒಂದು ಸ್ಪೇಸ್ ಬಿಡಿ. ಓದದೆ ನಂಬರ್ ಹಾಕಬೇಡಿ. ಈ ನಂಬರ್ ಅಂದರೆ "ಇದನ್ನು ನಾನು ನೋಡಿದ್ದೇನೆ" ಎಂಬ ನಿಮ್ಮ ಸಹಿ.

ವರ್ಡ್ ತಾನಾಗಿ ಹಾಕುವ ನಂಬರ್ ಇಲ್ಲಿ ಬೇಡವೇ ಬೇಡ. ಅದು ಜಾಗಕ್ಕೆ ಅಂಟಿದ ನಂಬರ್, ಪುಸ್ತಕಕ್ಕೆ ಅಲ್ಲ. ಸಾಲು ಮೇಲೆ ಕೆಳಗೆ ಆದರೂ 1, 2, 3 ಎಂದೇ ತೋರಿಸಿ ಎಲ್ಲಾ ಸರಿಯಿದೆ ಎಂದು ನಂಬಿಸಿಬಿಡುತ್ತದೆ. ಕೈಯಾರೆ ಟೈಪ್ ಮಾಡಿದ ನಂಬರ್ ಪುಸ್ತಕದ ಜೊತೆಗೇ ಹೋಗುತ್ತದೆ.

ಓದುವಾಗ ಎಲ್ಲಕ್ಕಿಂತ ಜಾಸ್ತಿ ಎಚ್ಚರ ಬೇಕಾದದ್ದು ಒಬ್ಬನೇ ಲೇಖಕನ, ಹತ್ತಿರ ಹತ್ತಿರದ ಇಸವಿಯ ಪುಸ್ತಕಗಳಲ್ಲಿ. ಎಫ್. ಆರ್. ಆಲ್ಚಿನ್ ಅವರದ್ದು ಈ ಪಟ್ಟಿಯಲ್ಲಿ ಮೂರಿದ್ದವು. 1960ರದ್ದು ಪಿಕ್ಲಿಹಾಳದ ಉತ್ಖನನದ ವರದಿ, 1961ರದ್ದು ಉಟ್ನೂರಿನ ವರದಿ, 1963ರದ್ದು ದಖ್ಖನ್ನಿನ ಬೂದಿದಿಬ್ಬಗಳನ್ನೆಲ್ಲ ಒಟ್ಟಿಗೆ ನೋಡುವ ಪುಸ್ತಕ. ಮೊದಲೆರಡನ್ನೂ ಪ್ರಕಟಿಸಿದ್ದು ಆಂಧ್ರಪ್ರದೇಶ ಸರ್ಕಾರ. ಪಿಕ್ಲಿಹಾಳ ಇರುವುದು ನಮ್ಮ ರಾಯಚೂರು ಜಿಲ್ಲೆಯ ಮುದಗಲ್ ಹತ್ತಿರ, ಆದರೆ 1956ರ ತನಕ ರಾಯಚೂರು ಹೈದರಾಬಾದ್ ರಾಜ್ಯದಲ್ಲಿತ್ತಲ್ಲ, ಆ ನಂಟು. ಹಾಗಾಗಿ ಲೇಖಕ ಒಂದೇ, ಪ್ರಕಾಶಕರು ಒಂದೇ, ಇಸವಿ ಅಕ್ಕಪಕ್ಕ. ಟಿಪ್ಪಣಿ ಅದಲುಬದಲಾದರೂ ಮೇಲ್ನೋಟಕ್ಕೆ ಯಾರಿಗೂ ಸಿಗುವುದಿಲ್ಲ.

ಆದದ್ದೂ ಹಾಗೆಯೇ. ಹಳೆಯ ಪ್ರತಿ ಪೂರ್ತಿ ಸರಿ ಎಂದುಕೊಂಡಿದ್ದೆವು, ಆದರೆ ಉಟ್ನೂರಿನ ಕೆಳಗೆ ಬಂಡೆಚಿತ್ರಗಳ ಮಾತು ಇತ್ತು. ಅದು ಪಿಕ್ಲಿಹಾಳದ್ದು. ಪಿಕ್ಲಿಹಾಳದ ಕೆಳಗೆ ಬೂದಿಯ ಪದರಗಳ ನಡುವೆ ದನಗಳ ಗೊರಸಿನ ಗುರುತು ಸಿಕ್ಕ ವಿಷಯ ಇತ್ತು. ಅದು ಉಟ್ನೂರಿನದು. ಬೂದಿದಿಬ್ಬಗಳು ಹಳೆಯ ದನದ ದೊಡ್ಡಿಗಳು, ಅಲ್ಲಿ ಗುಡ್ಡೆಬಿದ್ದ ಸಗಣಿ ಸುಟ್ಟು ಬೂದಿಯಾದದ್ದು ಎಂಬ ವಾದಕ್ಕೆ ಆ ಗೊರಸಿನ ಗುರುತೇ ದೊಡ್ಡ ಆಧಾರ. ಅದನ್ನು ಬೇರೆ ಊರಿನ ಲೆಕ್ಕಕ್ಕೆ ಹಾಕಿದರೆ, ಪ್ರಬಂಧದ ಅಧ್ಯಾಯದಲ್ಲೂ ಅದೇ ತಪ್ಪು ಹೋಗಿ ಕೂರುತ್ತದೆ.

ಆದ್ದರಿಂದ ಟಿಪ್ಪಣಿಯ ಮೊದಲ ವಾಕ್ಯದಲ್ಲಿ ಒಂದು ಹಿಡಿಕೆ ಇಡಿ. ಆ ಪುಸ್ತಕಕ್ಕೆ ಮಾತ್ರ ಹೊಂದುವ ಒಂದು ಪದ: ಊರು, ಕಾಲ, ವಸ್ತು. "ಈ ಕೃತಿಯಲ್ಲಿ ಲೇಖಕರು ಉತ್ಖನನದ ವಿವರ ನೀಡಿದ್ದಾರೆ" ಎಂಬುದನ್ನು "ಉಟ್ನೂರಿನ ಬೂದಿದಿಬ್ಬದ ಉತ್ಖನನದ ವರದಿ ಇದು" ಎಂದು ಬದಲಾಯಿಸಿದೆವು. ಇನ್ನು ಆ ಟಿಪ್ಪಣಿ ಎಲ್ಲಿಗೆ ಹೋದರೂ ಅದರ ಮನೆ ಯಾವುದು ಎಂದು ಅದೇ ಹೇಳುತ್ತದೆ.

ಅಕ್ಷರಕ್ರಮಕ್ಕೆ ಬೇರೆ ಕಾಲಂ

ಪುಸ್ತಕದ ಕೋಶ ಈಗ ನಂಬರ್‌ನಿಂದ ಶುರುವಾಗುತ್ತದೆ, ಅದರ ಮೇಲೆ ಸಾರ್ಟ್ ಮಾಡಲು ಆಗುವುದಿಲ್ಲ. ಆಗುವಂತಿದ್ದರೂ ಮಾಡಬಾರದು. ಎಡಗಡೆ ಹೊಸ ಕಾಲಂ ಸೇರಿಸಿ ಅದರಲ್ಲಿ ಕ್ರಮಕ್ಕೆ ಬೇಕಾದಷ್ಟು ಮಾತ್ರ ಬರೆಯಿರಿ: ಮನೆಹೆಸರು, ಇನಿಷಿಯಲ್, ಇಸವಿ. ಚುಕ್ಕೆ, ಅಲ್ಪವಿರಾಮ ಏನೂ ಬೇಡ. ಇಂಗ್ಲಿಷ್ ಪುಸ್ತಕಗಳಿಗೆ ನಮ್ಮದು ಹೀಗೆ ಬಂತು:

```
Allchin B 1968
Allchin FR 1960
Allchin FR 1961
Allchin FR 1963
Ansari ZD 1969
Foote RB 1916
Nagaraja Rao MS 1971
Subbarao B 1948
Thapar BK 1957
```

ಇದರಲ್ಲಿ ಮೂರು ಕಡೆ ಅವಳು ಎಡವಿದ್ದಳು, ಎಲ್ಲರೂ ಎಡವುವ ಜಾಗಗಳೇ. 1968ರ ಪುಸ್ತಕ ಇಬ್ಬರು ಆಲ್ಚಿನ್‌ಗಳು ಸೇರಿ ಬರೆದದ್ದು, ಮೊದಲ ಹೆಸರು ಬ್ರಿಜೆಟ್ ಅವರದು. ಅದನ್ನು ಎಫ್. ಆರ್. ಆಲ್ಚಿನ್ ಅವರ ಪುಸ್ತಕಗಳ ಸಾಲಿಗೆ ಇಸವಿ ನೋಡಿ ಸೇರಿಸಿದ್ದಳು. ಮನೆಹೆಸರು ಒಂದೇ ಇದ್ದಾಗ ಮೊದಲು ಇನಿಷಿಯಲ್ ನೋಡಬೇಕು, ಇಸವಿ ಆಮೇಲೆ. ಸಂಗನಕಲ್ಲಿನ 1964-65ರ ಉತ್ಖನನದ ವರದಿಯನ್ನು ನಾಗರಾಜರಾವ್ ಅವರ ಹೆಸರಿನಲ್ಲಿ ಇಟ್ಟಿದ್ದಳು. ಅನ್ಸಾರಿ ಮೊದಲ ಲೇಖಕರು, ಅದು ಅಲ್ಲಿಗೇ ಹೋಗಬೇಕು. ಫೂಟ್ ಅವರನ್ನು ನಾವು ಇಲ್ಲಿ "ಬ್ರೂಸ್ ಫೂಟ್" ಎಂದೇ ಕರೆಯುತ್ತೇವೆ, ಅದಕ್ಕೆ ಅವರು ಬ್ರೂಸ್ ಎಂಬಲ್ಲಿ ಕೂತಿದ್ದರು. ಮನೆಹೆಸರು ಫೂಟ್ ಮಾತ್ರ.

ಒಬ್ಬರದೇ ಎರಡನೇ ಪುಸ್ತಕಕ್ಕೆ ಹೆಸರಿನ ಬದಲು ಉದ್ದ ಗೆರೆ ಹಾಕುವ ರೂಢಿ ಇದೆಯಲ್ಲ, ಅದನ್ನು ಸಾರ್ಟ್‌ಗೆ ಮುಂಚೆ ತೆಗೆದು ಪೂರ್ತಿ ಹೆಸರು ಬರೆಯಿರಿ. ಗೆರೆಯ ಹಿಂದೆ ಯಾರಿದ್ದಾರೆ ಎಂಬುದು ಮೇಲಿನ ಸಾಲು ಇದ್ದಾಗ ಮಾತ್ರ ಗೊತ್ತಾಗುತ್ತದೆ. ಸಾಲು ಚೆದುರಿದರೆ ಆ ಪುಸ್ತಕಕ್ಕೆ ಲೇಖಕನೇ ಇಲ್ಲ. ಗೆರೆ ಎಲ್ಲಾ ಮುಗಿದ ಮೇಲೆ ಹಾಕಿದರಾಯಿತು.

ಇನ್ನೊಂದು ಮಾತು, ಕ್ರಮಕ್ಕೆ ಸೇರಿದ್ದಲ್ಲ, ಆದರೆ ಇದೇ ಹೊತ್ತಿಗೆ ಆಗುವ ಹಾನಿ. ಇಂಗ್ಲಿಷ್‌ನಲ್ಲಿ ನಮ್ಮ ಊರಿನ ಹೆಸರು `Bellary` ಹೋಗಿ `Ballari` ಆದದ್ದು 2014ರಲ್ಲಿ. ಪಟ್ಟಿಯನ್ನು ಚೊಕ್ಕ ಮಾಡುವ ಉಮೇದಿನಲ್ಲಿ ಒಂದೇ ಸಲಕ್ಕೆ ಎಲ್ಲಾ ಕಡೆ ಬದಲಾಯಿಸಬೇಡಿ. ಸುಬ್ಬರಾವ್ ಅವರ 1948ರ ಪುಸ್ತಕದ ಹೆಸರಿನಲ್ಲೇ `Bellary` ಇದೆ. ಮುದ್ರಣವಾದ ಹೆಸರು ಹಾಗೆಯೇ ಇರಬೇಕು. ನಿಮ್ಮ ಟಿಪ್ಪಣಿಯಲ್ಲಿ ಹೊಸ ಹೆಸರು ಬರೆಯಿರಿ.

ಕನ್ನಡ ಪುಸ್ತಕಗಳ ಪಾಡೇ ಬೇರೆ

ಕನ್ನಡ ಮತ್ತು ಇಂಗ್ಲಿಷ್ ಪುಸ್ತಕಗಳನ್ನು ಎರಡು ಟೇಬಲ್ ಮಾಡಿ. ಕನ್ನಡದಲ್ಲಿ ಮೊದಲು ನೋಡಬೇಕಾದದ್ದು ಇನಿಷಿಯಲ್. ಮುಖಪುಟದಲ್ಲಿ ಇದ್ದ ಹಾಗೆ "ಎಂ. ಚಿದಾನಂದಮೂರ್ತಿ", "ಎಸ್. ಶೆಟ್ಟರ್" ಎಂದು ಬರೆದರೆ ಅರ್ಧ ಪಟ್ಟಿ "ಎ" ಅಕ್ಷರದಲ್ಲೇ ಬಂದು ಗುಂಪು ಸೇರುತ್ತದೆ. ಎಂ, ಎಚ್, ಎನ್, ಎಲ್, ಎಸ್, ಎಫ್, ಎಲ್ಲವೂ ಎ ತಾನೇ. ಕ್ರಮದ ಕಾಲಂನಲ್ಲಿ "ಚಿದಾನಂದಮೂರ್ತಿ ಎಂ", "ಶೆಟ್ಟರ್ ಎಸ್" ಎಂದು ತಿರುಗಿಸಿ ಬರೆಯಿರಿ.

ಎರಡನೆಯದು, ನುಡಿಯ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಪಟ್ಟಿಯನ್ನು ಸಾರ್ಟ್ ಮಾಡಲೇಬೇಡಿ. ಪರದೆಯ ಮೇಲೆ ಕನ್ನಡ ಕಂಡರೂ ಒಳಗೆ ಇರುವುದು ಇಂಗ್ಲಿಷ್ ಚಿಹ್ನೆಗಳು. ಕ್ರಮ ಆ ಚಿಹ್ನೆಗಳ ಪ್ರಕಾರ ಬರುತ್ತದೆ. ಫಾಂಟ್ ಬದಲಾಯಿಸಿ ನೋಡಿ, ಅಕ್ಷರಗಳೆಲ್ಲ ಚಿತ್ರವಿಚಿತ್ರ ಚಿಹ್ನೆಗಳಾದರೆ ಅದು ಹಳೆಯ ನಮೂನೆ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ. ಪರಿವರ್ತನೆ ಆದಮೇಲೆ ಒತ್ತಕ್ಷರ, ಅರ್ಕಾವತ್ತು ಸರಿ ಬಂದಿವೆಯಾ ಎಂದು ಕ್ರಮದ ಕಾಲಂ ಒಂದನ್ನಾದರೂ ಪೂರ್ತಿ ಓದಿ.

ಮೂರನೆಯದು ಳ. ನಮ್ಮ ವರ್ಣಮಾಲೆಯಲ್ಲಿ ಅದು ಎಲ್ಲಕ್ಕೂ ಕೊನೆಗೆ, ಹ ಆದಮೇಲೆ. ಯೂನಿಕೋಡ್‌ನಲ್ಲಿ ಅದಕ್ಕೆ ಕೊಟ್ಟ ಜಾಗ ಲ ಪಕ್ಕದಲ್ಲಿ, ವ ಗಿಂತ ಮುಂಚೆ. ಬರೀ ಆ ಸಂಖ್ಯೆಯ ಪ್ರಕಾರ ಜೋಡಿಸಿದರೆ "ಬಳ್ಳಾರಿ" ಮೊದಲು ಬಂದು "ಬಸವ" ಆಮೇಲೆ ಬರುತ್ತದೆ. ವರ್ಣಮಾಲೆಯ ಪ್ರಕಾರ ಬಸವ ಮೊದಲು. ನಿಮ್ಮ ಕಂಪ್ಯೂಟರ್ ಯಾವ ರೀತಿ ಮಾಡುತ್ತದೆ ಎಂದು ಈ ಎರಡು ಪದಗಳನ್ನೇ ಬರೆದು ಸಾರ್ಟ್ ಮಾಡಿ ನೋಡಿ. ತಪ್ಪು ಬಂದರೆ ಳ ಇರುವ ನಾಲ್ಕಾರು ಸಾಲುಗಳನ್ನು ಕೈಯಿಂದ ಎಳೆದು ಸರಿಯಾದ ಜಾಗಕ್ಕೆ ಹಾಕಬಹುದು. ಟೇಬಲ್‌ನ ಇಡೀ ಸಾಲನ್ನೇ ಎಳೆಯಿರಿ, ಒಂದು ಕೋಶವನ್ನಲ್ಲ.

ಸಾರ್ಟ್, ಆಮೇಲೆ ಮತ್ತೆ ಪಟ್ಟಿ

ಟೇಬಲ್ ಒಳಗೆ ಕರ್ಸರ್ ಇಟ್ಟು, ಟೇಬಲ್‌ನ `Layout` ಟ್ಯಾಬ್‌ನಲ್ಲಿ `Sort` ಒತ್ತಿ, ಮೊದಲ ಕಾಲಂ ಆಯ್ಕೆ ಮಾಡಿ. ಟೇಬಲ್‌ನಲ್ಲಿ ಇಡೀ ಸಾಲು ಒಟ್ಟಿಗೆ ಚಲಿಸುತ್ತದೆ, ಆದ್ದರಿಂದ ಜೋಡಿ ಒಡೆಯುವುದಿಲ್ಲ. ಆದರೂ ಎರಡು ಕೋಶಗಳ ನಂಬರ್ ಮೇಲೆ ಒಮ್ಮೆ ಕಣ್ಣಾಡಿಸಿ. 034ರ ಪಕ್ಕ 034, 007ರ ಪಕ್ಕ 007. ಎರಡೇ ನಿಮಿಷದ ಕೆಲಸ.

ಪಟ್ಟಿ ಎಕ್ಸೆಲ್‌ನಲ್ಲಿ ಇದ್ದವರಿಗೆ ಅಪಾಯ ಬೇರೆ. ಒಂದೇ ಕಾಲಂ ಆಯ್ಕೆ ಮಾಡಿ ಸಾರ್ಟ್ ಒತ್ತಿದರೆ ಅದು ಪ್ರಶ್ನೆ ಕೇಳುತ್ತದೆ. `Expand the selection` ಕೊಟ್ಟರೆ ಬಚಾವ್. `Continue with the current selection` ಕೊಟ್ಟರೆ ಪುಸ್ತಕಗಳು ಮಾತ್ರ ಜಾಗ ಬದಲಾಯಿಸಿ ಟಿಪ್ಪಣಿಗಳು ಇದ್ದಲ್ಲೇ ನಿಲ್ಲುತ್ತವೆ. ಅಲ್ಲಿ ನಂಬರ್ ಹೋಲಿಸಲು ಸೂತ್ರವೇ ಇದೆ. ಪುಸ್ತಕ B ಕಾಲಂ, ಟಿಪ್ಪಣಿ C ಕಾಲಂ ಆದರೆ D2ರಲ್ಲಿ ಹೀಗೆ ಬರೆದು ಕೆಳಗಿನ ತನಕ ಎಳೆಯಿರಿ:

```
=LEFT(B2,3)=LEFT(C2,3)
```

`FALSE` ಕಂಡಲ್ಲಿ ಜೋಡಿ ತಪ್ಪಿದೆ.

ವರ್ಡ್‌ಗೆ ಬರೋಣ. ಟೇಬಲ್ ಇರುವಾಗಲೇ ರೂಪವನ್ನೂ ಕೊಟ್ಟುಬಿಡಿ, ಆಮೇಲೆ ಒಂದು ಬಿಟ್ಟು ಒಂದು ಪ್ಯಾರಾ ಹುಡುಕುವ ಕಷ್ಟ ಇರುವುದಿಲ್ಲ. ಪುಸ್ತಕದ ಕಾಲಂ ಪೂರ್ತಿ ಆಯ್ಕೆ ಮಾಡಿ, `Paragraph` ಕಿಟಕಿಯಲ್ಲಿ `Hanging` 0.5 ಇಂಚು ಕೊಡಿ, `Keep with next` ಟಿಕ್ ಮಾಡಿ. ಇದು ಇದ್ದರೆ ಪುಸ್ತಕ ಪುಟದ ತಳದಲ್ಲಿ ಒಂಟಿಯಾಗಿ ಉಳಿದು ಟಿಪ್ಪಣಿ ಮುಂದಿನ ಪುಟಕ್ಕೆ ಹೋಗುವುದಿಲ್ಲ. ಟಿಪ್ಪಣಿಯ ಕಾಲಂಗೆ ಎಡದಿಂದ 0.5 ಇಂಚು ಜಾಗ ಬಿಡಿ. ಗ್ರಂಥಸೂಚಿ ಬರೆಯುವ ಎಪಿಎ ಪದ್ಧತಿಯ ಅಳತೆ ಇದು. ಗೈಡ್ ಎಂಎಲ್‌ಎ ಪದ್ಧತಿ ಕೇಳಿದರೆ ಟಿಪ್ಪಣಿಗೆ 1 ಇಂಚು.

ಈಗ ಈ ಟೇಬಲ್ ಇರುವ ಫೈಲನ್ನು ಒಂದು ಹೆಸರಿನಲ್ಲಿ ಉಳಿಸಿ, ಇನ್ನೊಂದು ನಕಲು ತೆಗೆಯಿರಿ. ನಕಲಿನಲ್ಲಿ ಕ್ರಮದ ಕಾಲಂ ಅಳಿಸಿ, `Layout` → `Convert to Text` → `Paragraph marks` ಕೊಡಿ. ಪುಸ್ತಕ, ಅದರ ಕೆಳಗೆ ಟಿಪ್ಪಣಿ, ಹಾಗೇ ಇಳಿಯುತ್ತವೆ. ಕೊನೆಗೆ ನಂಬರ್ ತೆಗೆಯಿರಿ. `^#` ಅಂದರೆ ಯಾವುದಾದರೂ ಒಂದು ಅಂಕೆ. ಮೂರರ ನಂತರ ಒಂದು ಸ್ಪೇಸ್ ಇದೆ, ಮರೆಯಬೇಡಿ:

```
Find what:    ^p^#^#^# 
Replace with: ^p
```

1948ರಂಥ ಇಸವಿಗಳಿಗೆ ಇದು ತಾಗುವುದಿಲ್ಲ, ಅವು ನಾಲ್ಕು ಅಂಕೆ. ಮೊಟ್ಟಮೊದಲ ಪುಸ್ತಕದ ಹಿಂದೆ ಪ್ಯಾರಾ ಗುರುತು ಇಲ್ಲದ ಕಾರಣ ಅದರ ನಂಬರ್ ಮಾತ್ರ ಉಳಿಯುತ್ತದೆ, ಕೈಯಿಂದ ಅಳಿಸಿ.

ಸಂಜೆ ಹೊತ್ತಿಗೆ ಅವಳ 58 ಪುಸ್ತಕಗಳು ಸಾಲಾಗಿ ನಿಂತವು. 21ನೆಯದರ ಕೆಳಗೆ ಮಾತ್ರ "ಟಿಪ್ಪಣಿ ಬರೆಯಬೇಕು" ಎಂದಿತ್ತು. ವಾರದ ನಂತರ ಫೋನ್ ಮಾಡಿದಳು. ಇನ್ನೊಂದು ಪುಸ್ತಕ ಸಿಕ್ಕಿದೆ, ಮುಗಿದ ಪಟ್ಟಿಯಲ್ಲಿ ನಡುವೆ ಸೇರಿಸಲಾ ಎಂದು ಕೇಳಿದಳು. ಬೇಡ, ಟೇಬಲ್ ಫೈಲ್ ತೆರೆದು ಕೊನೆಗೆ 059 ಎಂದು ಹಾಕು, ಮತ್ತೆ ಸಾರ್ಟ್ ಮಾಡಿ ಇಳಿಸು ಅಂದೆ.